ನೀಲಿ ಹಾಲು, ಹಸಿರು ಮೊಸರು: ಡೈರಿ ಲೇಬಲ್‌ಗೆ ಫೋಟೋ ತೆಗೆಸುವವರು ಗಮನಿಸಿ

ಕಲಬುರಗಿಯಲ್ಲಿ ಎಮ್ಮೆ ಹಾಲಿನ ಸಣ್ಣ ಡೈರಿ ನಡೆಸುತ್ತಿರುವ ನಾವು, ಹೊಸ ಲೇಬಲ್‌ಗಳಿಗಾಗಿ ಕಳೆದ ಬೇಸಿಗೆಯಲ್ಲಿ ಒಂದು ಸ್ಟುಡಿಯೋದವರಿಂದ ಹಾಲು, ಮೊಸರು, ತುಪ್ಪದ ಚಿತ್ರಗಳನ್ನು ತೆಗೆಸಿದೆವು. ಕೊಟ್ಟ ಅಡ್ವಾನ್ಸ್ ಮರಳಲಿಲ್ಲ, ಅಚ್ಚಾಗಿ ಬಂದ ಲೇಬಲ್‌ಗಳನ್ನು ಬಳಸಲಾಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮೊಸರಿನ ಚಿತ್ರ. ಒಂದು ಕಡೆಯಿಂದ ಕಿಟಕಿಯ ಬೆಳಕು, ಇನ್ನೊಂದು ಕಡೆಯಿಂದ ಟ್ಯೂಬ್‌ಲೈಟ್ ಬೀಳುವಂತೆ ಮಣ್ಣಿನ ಗಡಿಗೆಯನ್ನು ಇಟ್ಟಿದ್ದರಿಂದ ಮೊಸರಿನ ಅರ್ಧ ಭಾಗ ನೀಲಿಗೂ ಉಳಿದರ್ಧ ಹಸಿರಿಗೂ ತಿರುಗಿತ್ತು. ಬಿಳಿ ಮೊಸರಿನಲ್ಲಿ ಹಸಿರು ಕಂಡರೆ ಯಾರಿಗಾದರೂ ಬೂಷ್ಟಿನದೇ ಯೋಚನೆ. ಸಾಲದ್ದಕ್ಕೆ, ಸೌಟಿನಿಂದ ಮೊಸರು ತೆಗೆದ ಗುಳಿಯಲ್ಲಿ ಹಳದಿ-ಹಸಿರು ತಿಳಿನೀರು ಬಂದು ನಿಂತ ಮೇಲೆ ಕ್ಯಾಮೆರಾ ಹಿಡಿದಿದ್ದರು. “ಕಂಪ್ಯೂಟರ್‌ದಾಗ ಸರಿ ಮಾಡ್ತೀವ್ರಿ” ಎಂದು ಹೇಳಿ ಹಸಿರನ್ನು ಕಳೆಯಲು ಇಡೀ ಚಿತ್ರಕ್ಕೆ ಮೆಜೆಂಟಾ ಸೇರಿಸಿದಾಗ, ಕಿಟಕಿಯ ಕಡೆಯ ಮೊಸರು ಗುಲಾಬಿ ಬಣ್ಣಕ್ಕೆ ತಿರುಗಿತು. ಎರಡು ಬಗೆಯ ಬೆಳಕು ಒಂದೇ ಚಿತ್ರದಲ್ಲಿ ಕೂಡಿದರೆ ಹೀಗೆಯೇ, ಒಂದನ್ನು ತಿದ್ದಿದಷ್ಟೂ ಇನ್ನೊಂದು ಕೆಡುತ್ತದೆ. ಕಿಟಕಿಗೆ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಒಂದೇ ಬಗೆಯ ದೀಪ ಬಳಸಿ, ಬಣ್ಣ ಸರಿಹೊಂದಿಸಲು ನೆರವಾಗುವ ಬೂದು ಬಣ್ಣದ ಗ್ರೇ ಕಾರ್ಡನ್ನು ಗಡಿಗೆಯ ಪಕ್ಕದಲ್ಲಿ ಇಟ್ಟು ಮೊದಲ ಚಿತ್ರ ತೆಗೆದಿದ್ದರೆ ಈ ತೊಡಕೇ ಬರುತ್ತಿರಲಿಲ್ಲ.

ಚಿಮ್ಮುವ ಹಾಲಿನದು ಬೇರೆ ಕಥೆ. ಸಲೀಸಾಗಿ ಚಿಮ್ಮಲಿ ಎಂದು ಅವರು ಹಾಲಿಗೆ ನೀರು ಬೆರೆಸಿದ್ದರು. ಹಾಲು ತೆಳುವಾದಲ್ಲಿ ನೀಲಿ ಬೆಳಕೇ ಹೆಚ್ಚು ಚದುರುವುದರಿಂದ ಹನಿಗಳ ಅಂಚೆಲ್ಲ ನೀಲಿಯಾಗಿ, ಚಿತ್ರ ನೋಡಿದ ಅಂಗಡಿಯವರೊಬ್ಬರು “ನೀರು ಹಾಕೀರೇನ್ರಿ?” ಎಂದೇ ಕೇಳಿದರು. ಗಟ್ಟಿ ಹಾಲಿಗೆ ಇನ್ನಷ್ಟು ಕೆನೆ ಕಲಸಿದರೆ ಅಂಚು ಬೆಳ್ಳಗೆ ಉಳಿಯುತ್ತದೆ. ಹಾರುವ ಹನಿಯನ್ನು ಸ್ಪಷ್ಟವಾಗಿ ಹಿಡಿಯುವುದು ಫ್ಲ್ಯಾಶ್‌ನ ಕ್ಷಣಿಕ ಮಿಂಚು. ಸಾಮಾನ್ಯ ಸ್ಟುಡಿಯೋ ದೀಪದಲ್ಲಿ ಹನಿಗಳು ಗೆರೆಗಳಾಗುತ್ತವೆ.

ತುಪ್ಪವನ್ನು ಬೇಗ ಗಟ್ಟಿಯಾಗಲೆಂದು ಫ್ರಿಜ್‌ನಲ್ಲಿಟ್ಟರು. ಹರಳುಗಟ್ಟಬೇಕಾದರೆ ಅದು 28ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಆರಬೇಕು. ಫ್ರಿಜ್‌ನಲ್ಲಿ ಅದು ಮೇಣದಂತೆ ನುಣುಪಾಯಿತು, ಹೊರಗೆ ತೆಗೆದರೆ ನಮ್ಮ ಬಿಸಿಲಿಗೆ ಕರಗಿಹೋಯಿತು. ಎಮ್ಮೆ ತುಪ್ಪ ಹಸುವಿನ ತುಪ್ಪದಷ್ಟು ಹಳದಿಯಿರುವುದಿಲ್ಲ ಎಂದು ಹೇಳಿದರೂ ಕೇಳದೆ ಹಳದಿ ಏರಿಸಿದ್ದರಿಂದ, ಡಬ್ಬಿ ತೆರೆದವರಿಗೆ ಲೇಬಲ್‌ನ ಬಣ್ಣದ ತುಪ್ಪ ಸಿಗುವಂತಿರಲಿಲ್ಲ.

ಆದ್ದರಿಂದ ಬಾಕಿ ಹಣ ಕೊಡುವ ಮೊದಲು, ತಿದ್ದದ ಮೂಲ ಚಿತ್ರಗಳನ್ನು ಗ್ರೇ ಕಾರ್ಡಿನ ಚಿತ್ರದೊಡನೆ ಕೇಳಿ ಪಡೆಯಿರಿ. ಪಾರದರ್ಶಕ ಲೇಬಲ್ ಆಗಿದ್ದರೆ, ಚಿತ್ರದ ಹಿಂದೆ ಬಿಳಿ ಶಾಯಿಯ ಪದರ ಹಾಕಿ, ಅದೇ ಫಿಲ್ಮಿನ ಮೇಲೆ ಮಾದರಿ ಅಚ್ಚು ತೆಗೆಸಿ ನೋಡಿರಿ. ಆ ಪದರವಿಲ್ಲದಿದ್ದರೆ ಎಷ್ಟೇ ಒಳ್ಳೆಯ ಹಾಲಿನ ಚಿತ್ರವೂ ಮಂಕಾಗಿ ಕಾಣುತ್ತದೆ.