ಒಂದೇ ಮೋಡ, ನಾಲ್ಕು ಮಾಪಕ: ಲ್ಯಾಸೊ, ರಿಡ್ಜ್ ಮತ್ತು ಎಲಾಸ್ಟಿಕ್ ನೆಟ್

ಸುಂಟಿಕೊಪ್ಪದ ಕಡೆಯ ಒಂದು ರೊಬಸ್ಟಾ ತೋಟದ ಮಳೆ ಪುಸ್ತಕದಿಂದ ಮುಂದಿನ ಫಸಲನ್ನು ಅಂದಾಜು ಮಾಡುವ ಕೆಲಸಕ್ಕೆ ಲ್ಯಾಸೊ, ರಿಡ್ಜ್, ಎಲಾಸ್ಟಿಕ್ ನೆಟ್ ಎಂಬ ಮೂರು ರಿಗ್ರೆಶನ್ ವಿಧಾನಗಳನ್ನೂ ಹಚ್ಚಿ ನೋಡಿದ ಮೇಲೆ ನಾನು ಉಳಿಸಿಕೊಂಡಿರುವುದು ಎಲಾಸ್ಟಿಕ್ ನೆಟ್ಟನ್ನು. ಅಂದಾಜಿನ ನಿಖರತೆಯಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಲ್ಯಾಸೊ ಕೊಟ್ಟ ಒಂದು ಕಿರಿಕಿರಿ.

ತೋಟದ ಬೇರೆಬೇರೆ ಬ್ಲಾಕುಗಳಲ್ಲಿ ನಾಲ್ಕು ಮಳೆಮಾಪಕಗಳಿವೆ. ಪ್ರತಿಯೊಂದರಲ್ಲೂ ಬಿದ್ದ ಹೂಮಳೆಯನ್ನೂ ಮುಂಗಾರನ್ನೂ ಇಂಚು, ಸೆಂಟುಗಳಲ್ಲಿ ಬರೆದಿಡಲಾಗಿದೆ. ಮೋಡ ಒಂದೇ ಆದ್ದರಿಂದ ನಾಲ್ಕು ಮಾಪಕಗಳ ಹೂಮಳೆ ಒಂದು ಗುಂಪಾಗಿಯೂ ಮುಂಗಾರು ಇನ್ನೊಂದು ಗುಂಪಾಗಿಯೂ ಒಟ್ಟಿಗೆ ಏರಿಳಿಯುತ್ತವೆ. ಲ್ಯಾಸೊ ಗುಣಾಂಕಗಳ ಗಾತ್ರದ ಮೊತ್ತಕ್ಕೆ ದಂಡ ಹಾಕಿ ಕೆಲವನ್ನು ಪೂರ್ತಿ ಸೊನ್ನೆ ಮಾಡುತ್ತದೆ. ರಿಡ್ಜ್ ಅವುಗಳ ವರ್ಗಗಳ ಮೊತ್ತಕ್ಕೆ ದಂಡ ಹಾಕಿ ಎಲ್ಲವನ್ನೂ ಕುಗ್ಗಿಸುತ್ತದೆ, ಆದರೆ ಯಾವುದನ್ನೂ ಕೈಬಿಡುವುದಿಲ್ಲ. ಎಲಾಸ್ಟಿಕ್ ನೆಟ್ ಈ ಎರಡೂ ದಂಡಗಳನ್ನು ಬೆರೆಸುತ್ತದೆ.

ಲ್ಯಾಸೊ ಹೂಮಳೆಯ ನಾಲ್ಕು ಮಾಪಕಗಳಲ್ಲಿ ಒಂದನ್ನೇ ಇಟ್ಟುಕೊಂಡು ಉಳಿದವನ್ನು ಬಿಟ್ಟಿತು. ಅಷ್ಟಕ್ಕೇ ನಿಂತಿದ್ದರೆ ತಕರಾರಿರಲಿಲ್ಲ. ಪುಸ್ತಕದಿಂದ ಯಾವುದೋ ಒಂದು ವರ್ಷವನ್ನು ತೆಗೆದು ಮತ್ತೆ ಹೊಂದಿಸಿದರೆ, ಮೊದಲು ಸೊನ್ನೆಯಾಗಿದ್ದ ಮಾಪಕಕ್ಕೆ ಪೂರ್ತಿ ಪಾಲು ಸಿಕ್ಕಿ, ಮೊದಲು ಆರಿಸಿದ್ದು ಸೊನ್ನೆಯಾಗುತ್ತಿತ್ತು. ಯಾವ ಮಾಪಕವನ್ನು ನಂಬಬೇಕೆಂದು ಕೇಳುವ ಮಾಲೀಕರಿಗೆ ಇದನ್ನು ತೋರಿಸುವುದು ಸಾಧ್ಯವಿರಲಿಲ್ಲ.

ಕಾರಣವನ್ನು ಎರಡೇ ಮಾಪಕಗಳನ್ನಿಟ್ಟುಕೊಂಡು, ಲೆಕ್ಕಕ್ಕೆ ಸುಲಭವಾದ ಅಂಕಿಗಳಿಂದ ನೋಡಬಹುದು. ಎಲ್ಲ ಅಂಕಣಗಳನ್ನೂ ಒಂದೇ ಅಳತೆಗೆ ತಂದ ಮೇಲೆ ಫಸಲಿನೊಂದಿಗೆ ಮೊದಲನೆಯದರ ಸಹಸಂಬಂಧ 0.60, ಎರಡನೆಯದರದು 0.57, ಅವೆರಡರ ನಡುವಿನದು 0.95 ಎಂದಿರಲಿ. ಎರಡೂ ಗುಣಾಂಕಗಳು ಸೊನ್ನೆಗಿಂತ ಮೇಲಿರುವವರೆಗೆ ಅವುಗಳ ಅಂತರ ಹೀಗಿರುತ್ತದೆ:

```
b1 - b2 = (c1 - c2) / (1 - ρ + λ(1 - α))
```

ಇಲ್ಲಿ `b1`, `b2` ಎರಡು ಮಾಪಕಗಳ ಗುಣಾಂಕಗಳು, `c1`, `c2` ಫಸಲಿನೊಂದಿಗೆ ಅವುಗಳ ಸಹಸಂಬಂಧ, `ρ` ಅವೆರಡರ ನಡುವಿನ ಸಹಸಂಬಂಧ, `λ` ದಂಡದ ಒಟ್ಟು ಬಲ, `α` ಅದರಲ್ಲಿ ಲ್ಯಾಸೊದ ಪಾಲು. ಲ್ಯಾಸೊದಲ್ಲಿ `α` 1 ಆಗಿರುವುದರಿಂದ ಛೇದದಲ್ಲಿ ಉಳಿಯುವುದು 0.05 ಮಾತ್ರ, ಹಾಗಾಗಿ 0.03ರ ಅಲ್ಪ ವ್ಯತ್ಯಾಸ 0.6ರ ಅಂತರವಾಗಿ ಬೆಳೆಯುತ್ತದೆ. `λ` 0.2 ಇದ್ದಾಗ ಎರಡು ಗುಣಾಂಕಗಳ ಮೊತ್ತವೇ ಸುಮಾರು 0.4; ಅಷ್ಟು ಅಂತರಕ್ಕೆ ಅಲ್ಲಿ ಜಾಗವಿಲ್ಲದೆ ಎರಡನೆಯದು ಸೊನ್ನೆಯಾಗಿ, ಮೊದಲನೆಯದು 0.40 ಪಡೆಯುತ್ತದೆ. ಒಂದು ವರ್ಷದ ದಾಖಲೆ ಹೋಗಿ 0.60 ಮತ್ತು 0.57 ಅದಲುಬದಲಾದರೆ ಫಲಿತಾಂಶವೂ ಪೂರ್ತಿ ತಿರುಗಿಬೀಳುತ್ತದೆ.

ಎಲಾಸ್ಟಿಕ್ ನೆಟ್ಟಿನಲ್ಲಿ ಲ್ಯಾಸೊ ದಂಡವನ್ನು ಅದೇ 0.2ರಲ್ಲಿ ಉಳಿಸಿ, `λ` 0.4 ಮತ್ತು `α` 0.5 ಇಟ್ಟರೆ ಛೇದ 0.25ಕ್ಕೆ ಏರುತ್ತದೆ, ಅಂತರ 0.12ಕ್ಕೆ ಇಳಿಯುತ್ತದೆ. ಆಗ ಸಿಗುವ ಗುಣಾಂಕಗಳು ಸುಮಾರು 0.24 ಮತ್ತು 0.12. ಅಂಕಿಗಳು ಅದಲುಬದಲಾದರೂ ಎರಡೂ ಮಾಪಕಗಳು ಪಟ್ಟಿಯಲ್ಲಿ ಉಳಿಯುತ್ತವೆ, ಪಾಲು ಮಾತ್ರ ಬದಲಾಗುತ್ತದೆ. 2005ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಝೌ ಮತ್ತು ಹೇಸ್ಟಿ ಈ ವಿಧಾನವನ್ನು ಮಂಡಿಸಿದಾಗ ಗುಂಪಿನ ಪರಿಣಾಮ ಎಂದು ಗುರುತಿಸಿದ್ದು ಇದನ್ನೇ.

ರಿಡ್ಜ್ ಕೂಡ ಪಾಲನ್ನು ಹೀಗೆಯೇ ಹಂಚುತ್ತದೆ. ಆದರೆ ಈ ಎರಡು ಮಾಪಕಗಳಿಗೂ ಸಂಬಂಧವಿಲ್ಲದ, ಫಸಲಿನೊಂದಿಗೆ 0.1ರಷ್ಟೇ ನಂಟಿರುವ ಮೂರನೆಯ ಅಂಕಣವನ್ನು ಎಲಾಸ್ಟಿಕ್ ನೆಟ್ ಸೊನ್ನೆ ಮಾಡಿದರೆ, 0.2ರ ದಂಡದ ರಿಡ್ಜ್ ಅದಕ್ಕೆ 0.083 ಕೊಟ್ಟು ಇಟ್ಟುಕೊಳ್ಳುತ್ತದೆ. ಉದ್ದ ಪಟ್ಟಿಯನ್ನು ಓದುವ ತಾಳ್ಮೆ ನನಗಿಲ್ಲ, ಮಾಲೀಕರಿಗಂತೂ ಇಲ್ಲವೇ ಇಲ್ಲ.

ಎಲಾಸ್ಟಿಕ್ ನೆಟ್ಟಿಗೂ ಮಿತಿಗಳಿವೆ. ಗುಂಪು ಯಾವುದೆಂದು ಅದಕ್ಕೆ ತಿಳಿದಿರುವುದಿಲ್ಲ, ಸಹಸಂಬಂಧವನ್ನಷ್ಟೇ ಅದು ಕಾಣುತ್ತದೆ. ಫಸಲಿಗೆ ನಿಜವಾಗಿ ಸಂಬಂಧಿಸಿದ್ದು ಒಂದೇ ಬ್ಲಾಕಿನ ಮಳೆಯಾಗಿದ್ದರೂ ಆ ಶ್ರೇಯಸ್ಸನ್ನು ಪಕ್ಕದ ಮಾಪಕಗಳಿಗೂ ಹಂಚುತ್ತದೆ. ಗುಂಪುಗಳು ಮೊದಲೇ ಗೊತ್ತಿದ್ದು, ಇಡೀ ಗುಂಪು ಇರಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಗ್ರೂಪ್ ಲ್ಯಾಸೊ ಹೆಚ್ಚು ನೇರವಾದ ದಾರಿ.

ಸಾಫ್ಟ್‌ವೇರಿನ ಹೆಸರುಗಳ ಗೊಂದಲವೊಂದಿದೆ: ಆರ್ ಭಾಷೆಯ `glmnet`ನಲ್ಲಿ `alpha` ಎಂದರೆ ಮಿಶ್ರಣದ ಪಾಲು, ಪೈಥಾನಿನ scikit-learnನಲ್ಲಿ `alpha` ಎಂದರೆ ದಂಡದ ಬಲ, ಪಾಲಿಗೆ ಅಲ್ಲಿ `l1_ratio`.

ಬೇರೆಬೇರೆ `alpha`ಗಳನ್ನು ಹೋಲಿಸುವಾಗ ಕ್ರಾಸ್ ವ್ಯಾಲಿಡೇಶನ್ನಿನ ಭಾಗಗಳು ಪ್ರತಿ ಬಾರಿಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಕಾಣುವ ವ್ಯತ್ಯಾಸ ವಿಧಾನದ್ದೋ ವಿಂಗಡಣೆಯದ್ದೋ ಎಂದು ತಿಳಿಯುವುದಿಲ್ಲ. ಅದಕ್ಕಾಗಿ `foldid` ಕೊಡಬೇಕು:

```r
library(glmnet)
fid <- sample(rep(1:5, length.out = nrow(X)))
m <- cv.glmnet(X, y, alpha = 0.5, foldid = fid)
```

ವರ್ಷಕ್ಕೊಂದೇ ಸಾಲು ಸೇರುವ ಪುಸ್ತಕವಿದು. ಇಷ್ಟು ಕಡಿಮೆ ಸಾಲುಗಳಲ್ಲಿ 0.4 ಮೇಲೋ 0.6 ಮೇಲೋ ಎಂದು ಹುಡುಕುವುದರಲ್ಲಿ ಅರ್ಥ ಕಾಣದೆ ನಾನು `alpha`ವನ್ನು 0.5ರಲ್ಲೇ ಬಿಟ್ಟು, `λ`ವನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಆರ್ ಉಚಿತ, ತೋಟದ ಕಚೇರಿಯ ಹಳೆಯ ಲ್ಯಾಪ್‌ಟಾಪಿಗೆ ಈ ಲೆಕ್ಕ ಭಾರವಲ್ಲ. ಒಂದೇ ಮಾಪಕವನ್ನು ಓದಲು ಮಾತ್ರ ಆಳಿರುವ ತೋಟದವರಾದರೆ ಲ್ಯಾಸೊ ಸಾಕಾದೀತು, ಆದರೆ ಅದು ಬಿಟ್ಟ ಮಾಪಕಗಳನ್ನು ಕಿತ್ತುಹಾಕುವ ಮೊದಲು ಒಂದೊಂದು ವರ್ಷವನ್ನು ತೆಗೆದು, ಆಯ್ಕೆ ಹಾಗೆಯೇ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಬೇಕು.