ವೈಡ್ ಗ್ಯಾಮಟ್ ಮಾನಿಟರ್‌ನಲ್ಲಿ ಕೆಂಪೇರುವ ಮುಖಗಳು: ಎರಡು ವರ್ಷಗಳ ಬಳಕೆಯ ನಂತರ

ಕೊಪ್ಪಳದ ನಮ್ಮ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್‌ಗಳ ಕೆಲಸಕ್ಕೆಂದು, ಸಾಮಾನ್ಯ ಪರದೆಗಿಂತ ಗಾಢ ಬಣ್ಣಗಳನ್ನು ತೋರಿಸಬಲ್ಲ 27 ಇಂಚಿನ ವೈಡ್ ಗ್ಯಾಮಟ್ ಮಾನಿಟರ್ ತಂದು ಎರಡು ವರ್ಷ ದಾಟಿದೆ. ಡಿಸಿಐ-ಪಿ3 ವರ್ಣವ್ಯಾಪ್ತಿಯ 95% ತೋರಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದರು, ಮತ್ತು ಆ ಮಾತು ಸುಳ್ಳಲ್ಲ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ತೊಂದರೆ ಈ ಬಗೆಯ ಹೆಚ್ಚಿನ ಮಾನಿಟರ್‌ಗಳಲ್ಲಿ ಕಾಣುವಂಥದ್ದು.

ಮೊದಲ ವಾರದಲ್ಲೇ ಎಲ್ಲರ ಮುಖಗಳೂ ಬಿಸಿಲಿನಲ್ಲಿ ದಿನವಿಡೀ ನಿಂತು ಬಂದವರಂತೆ ಕೆಂಪಗೆ ಕಾಣತೊಡಗಿದವು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ತಪ್ಪಿರಬೇಕೆಂದು ತಿಳಿದು, ಆಲ್ಬಮ್ ವಿನ್ಯಾಸದ ತಂತ್ರಾಂಶದಲ್ಲಿಯೇ ಪ್ರತಿ ಚಿತ್ರದ ಕೆಂಪನ್ನು ಇಳಿಸಿ ಹುಬ್ಬಳ್ಳಿಯ ಲ್ಯಾಬ್‌ಗೆ ಕಳುಹಿಸಿದೆವು. ಆಲ್ಬಮ್ ಅಚ್ಚಾಗಿ ಬಂದಾಗ ಮದುಮಗಳ ತಾಯಿ ಎರಡು ಪುಟ ತಿರುವಿ, "ನಮ್ಮ ಹುಡುಗಿ ಮಾರಿ ಬಾಡಿದಂಗ ಕಾಣತೈತಲ್ರಿ" ಎಂದರು. ಅವರ ಮಾತು ನಿಜವಾಗಿತ್ತು. ಅರಿಶಿನ ಹಚ್ಚಿದ ಕೆನ್ನೆಗಳು ಬೂದಿ ಬಳಿದಂತೆ ಕಾಣುತ್ತಿದ್ದವು. ಆಲ್ಬಮ್ಮನ್ನು ನಮ್ಮ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿಕೊಟ್ಟೆವು.

ಕಾರಣ ತಿಳಿದದ್ದು ಒಂದೇ ಚಿತ್ರವನ್ನು ಫೋಟೋಶಾಪ್‌ನಲ್ಲಿಯೂ ಆಲ್ಬಮ್ ತಂತ್ರಾಂಶದಲ್ಲಿಯೂ ತೆರೆದು ಅಕ್ಕಪಕ್ಕ ಇಟ್ಟಾಗ. ಫೋಟೋಶಾಪ್‌ನಲ್ಲಿ ಮುಖ ಸಹಜವಾಗಿತ್ತು, ಪಕ್ಕದ ಕಿಟಕಿಯಲ್ಲಿ ಕೆಂಪಗಿತ್ತು. ಫೋಟೋಶಾಪ್ ಮಾನಿಟರ್‌ನ ಪ್ರೊಫೈಲನ್ನು, ಎಂದರೆ ಆ ಪರದೆ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಎಂಬ ವಿವರವಿರುವ ಕಡತವನ್ನು, ಓದಿ ಅಂಕೆಗಳನ್ನು ಪರದೆಗೆ ತಕ್ಕಂತೆ ಬದಲಿಸಿ ಕಳುಹಿಸುತ್ತದೆ. ಪ್ರೊಫೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶವು ಕಡತದಲ್ಲಿದ್ದ ಅಂಕೆಗಳನ್ನು ಇದ್ದ ಹಾಗೆಯೇ ಪರದೆಗೆ ಒಪ್ಪಿಸುತ್ತದೆ. ಈ ಪರೀಕ್ಷೆಗೆ ಒಂದು ಮಿತಿಯೂ ಇದೆ. ವಿಂಡೋಸ್‌ನಲ್ಲಿ ಮಾನಿಟರ್‌ನ ಪ್ರೊಫೈಲೇ ಇಲ್ಲದಿದ್ದರೆ ಎರಡೂ ಕಿಟಕಿಗಳು ಒಂದೇ ರೀತಿ ಕೆಂಪಾಗಿ ಕಾಣುತ್ತವೆ, ಆದ್ದರಿಂದ ಎರಡೂ ಹೊಂದಿದ ಮಾತ್ರಕ್ಕೆ ಬಣ್ಣ ಸರಿಯಾಗಿದೆ ಎಂದು ನಂಬಬಾರದು.

ಒಂದು ಕೆನ್ನೆಯ ಲೆಕ್ಕವನ್ನೇ ನೋಡೋಣ. ಸಾಮಾನ್ಯ ಚಿತ್ರಗಳು ಬಳಸುವ, ಪಿ3ಗಿಂತ ಕಿರಿದಾದ ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯ ಕಡತದಲ್ಲಿ ಅದರ ಕೆಂಪು, ಹಸಿರು, ನೀಲಿಯ ಅಂಕೆಗಳು 200, 140, 110 ಆಗಿದ್ದವು ಎನ್ನಿ. ಅದೇ ಬಣ್ಣವನ್ನು ಪಿ3 ಪರದೆಯ ಮೇಲೆ ಕಾಣಿಸಲು ಸುಮಾರು 191, 143, 115 ಕಳುಹಿಸಬೇಕು. ಪಿ3ಯ ಮೂಲ ಕೆಂಪು ಎಸ್‌ಆರ್‌ಜಿಬಿಯ ಕೆಂಪಿಗಿಂತ ಗಾಢವಾಗಿರುವುದರಿಂದ ಕಡಿಮೆ ಕೆಂಪೇ ಸಾಕಾಗುತ್ತದೆ. ಅಂಕೆಗಳನ್ನು ಬದಲಿಸದೆ 200, 140, 110 ಎಂದೇ ಕಳುಹಿಸಿದರೆ ಕೆನ್ನೆ ಕೆಂಪೇರುತ್ತದೆ. ಸೀರೆಯ ಹಸಿರೂ ಹೀಗೆಯೇ ಉಬ್ಬುತ್ತದೆ, ಆದರೆ ಸೀರೆಯ ನಿಜವಾದ ಬಣ್ಣ ನೋಡುವವರಿಗೆ ನೆನಪಿರುವುದಿಲ್ಲ. ಮುಖದ ಬಣ್ಣ ಎಲ್ಲರಿಗೂ ಗೊತ್ತಿರುತ್ತದೆ.

ಬಳ್ಳಾರಿಯ ಗೆಳೆಯರೊಬ್ಬರಿಂದ ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ತಂದು ಕ್ಯಾಲಿಬ್ರೇಟ್ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಹಾಗಾಗಲಿಲ್ಲ. ಸಾಮಾನ್ಯವಾಗಿ ವಿಂಡೋಸ್ ಇಡೀ ಪರದೆಗೆ ಅನ್ವಯಿಸುವುದು ಪ್ರೊಫೈಲಿನೊಳಗಿನ ಕ್ಯಾಲಿಬ್ರೇಷನ್ ಗೆರೆಗಳನ್ನು ಮಾತ್ರ. ಅವು ಬಿಳಿ ಮತ್ತು ಬೂದು ಬಣ್ಣಗಳನ್ನು ಸರಿಪಡಿಸುತ್ತವೆ, ಮೂಲ ಕೆಂಪನ್ನು ಒಳಗೆ ಎಳೆಯುವುದಿಲ್ಲ. ಉಳಿದ ಕೆಲಸವನ್ನು ಪ್ರೊಫೈಲ್ ಓದಬಲ್ಲ ತಂತ್ರಾಂಶವೇ ಮಾಡಬೇಕು, ಮತ್ತು ನಮ್ಮ ಆಲ್ಬಮ್ ತಂತ್ರಾಂಶಕ್ಕೆ ಅದು ಗೊತ್ತಿರಲಿಲ್ಲ.

ಅಂಥ ತಂತ್ರಾಂಶಕ್ಕಾಗಿ ಇಡೀ ಪರದೆಯನ್ನೇ ಎಸ್‌ಆರ್‌ಜಿಬಿಯೊಳಗೆ ಕಟ್ಟಿಹಾಕಬೇಕಾಗುತ್ತದೆ. ಹತ್ತಿರದ ದಾರಿ ಮಾನಿಟರ್‌ನ ಮೆನುವಿನಲ್ಲಿರುವ sRGB ಎಂಬ ಆಯ್ಕೆ. ಅದನ್ನು ಒತ್ತಿದ ಕೂಡಲೇ ಮುಖಗಳ ಕೆಂಪು ಇಳಿಯಿತು, ಆದರೆ ಬ್ರೈಟ್‌ನೆಸ್ ಬದಲಿಸುವ ಗುಂಡಿಗೆ ಬೀಗ ಬಿತ್ತು. ಅಚ್ಚಿನೊಂದಿಗೆ ಹೋಲಿಸುವ ಕೆಲಸಕ್ಕೆ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾದಷ್ಟು ಬೆಳಕು ಸಾಕು. ಕಲರಿಮೀಟರ್ ಇಟ್ಟು ನೋಡಿದರೆ ಈ ಆಯ್ಕೆಯಲ್ಲಿ ನನ್ನ ಪರದೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಕಿಟಕಿಗಳನ್ನು ಮುಚ್ಚಿ ಕೆಲಸ ಮಾಡುವ ನಮ್ಮ ಕೋಣೆಯಲ್ಲಿ ಅಂಥ ಪರದೆಯನ್ನು ನಂಬಿ ತಿದ್ದಿದ ಚಿತ್ರ ಕತ್ತಲೆಯಾಗಿಯೇ ಅಚ್ಚಾಗುತ್ತದೆ. ಈ ಮಾನಿಟರ್ ಮೇಲೆ ನನಗಿರುವ ನಿಜವಾದ ದೂರು ಇದೊಂದೇ.

ಇದೇ ಹಂತದಲ್ಲಿ ನಾನು ಮಾಡಿದ ಇನ್ನೊಂದು ತಪ್ಪನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಅದು ಮೊದಲನೆಯದಕ್ಕೆ ತದ್ವಿರುದ್ಧವಾಗಿ ಕಾಣುತ್ತದೆ. ಮಾನಿಟರ್ ಎಸ್‌ಆರ್‌ಜಿಬಿಗೆ ಹೋದ ಮೇಲೆಯೂ ವಿಂಡೋಸ್‌ನಲ್ಲಿ ಹಳೆಯ ಪಿ3 ಪ್ರೊಫೈಲ್ ಹಾಗೆಯೇ ಉಳಿದಿತ್ತು. ಫೋಟೋಶಾಪ್ ಅದನ್ನು ನಂಬಿ 200, 140, 110ನ್ನು 191, 143, 115 ಮಾಡಿ ಕಳುಹಿಸಿತು. ಈಗಾಗಲೇ ಕಿರಿದಾಗಿದ್ದ ಪರದೆ ಆ ಅಂಕೆಗಳನ್ನು ಎಸ್‌ಆರ್‌ಜಿಬಿ ಎಂದೇ ತೋರಿಸಿತು. ಒಂದೇ ತಿದ್ದುಪಡಿ ಎರಡು ಸಲ ಆದ್ದರಿಂದ ಮುಖಗಳು ಸಪ್ಪಗಾದವು. ಆಲ್ಬಮ್ ತಂತ್ರಾಂಶದಲ್ಲಿ ಮುಖ ಸಹಜವಾಗಿದ್ದು ಫೋಟೋಶಾಪ್‌ನಲ್ಲಿ ಮಾತ್ರ ಪೇಲವವಾಗಿದ್ದರೆ ತಪ್ಪು ಇಲ್ಲಿಯೇ ಇದೆ ಎಂದು ತಿಳಿಯಬಹುದು. ಸರಿಪಡಿಸಲು ರನ್ ಪೆಟ್ಟಿಗೆಯಲ್ಲಿ ಹೀಗೆ ಬರೆಯಬೇಕು:

```
colorcpl
```

ತೆರೆಯುವ ಕಿಟಕಿಯಲ್ಲಿ ಮಾನಿಟರನ್ನು ಆರಿಸಿ, Use my settings for this device ಎಂಬುದಕ್ಕೆ ಗುರುತು ಹಾಕಿ, Add ಒತ್ತಿ sRGB IEC61966-2.1 ಎಂಬ ಪ್ರೊಫೈಲನ್ನು ಸೇರಿಸಿ, ಅದನ್ನೇ Set as Default Profile ಮಾಡಬೇಕು. ಬಳಿಕ ಫೋಟೋಶಾಪನ್ನು ಮುಚ್ಚಿ ಮತ್ತೆ ತೆರೆಯಬೇಕು. ಪರದೆ ಯಾವ ಸ್ಥಿತಿಯಲ್ಲಿದೆಯೋ ಪ್ರೊಫೈಲ್ ಅದನ್ನೇ ಹೇಳುವಂತಿರಬೇಕು.

ಬ್ರೈಟ್‌ನೆಸ್ ಬೀಗದ ಕಾರಣ ನಾನು ಕೊನೆಗೆ ಮಾನಿಟರ್‌ನ ಆಯ್ಕೆಯನ್ನು ಬಿಟ್ಟು, ಕಟ್ಟಿಹಾಕುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಿದೆ. novideo_srgb ಎಂಬ ಉಚಿತ ತಂತ್ರಾಂಶ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಇದನ್ನು ಮಾಡುತ್ತದೆ. ಮಾನಿಟರನ್ನು ಅದರ ಸಹಜ, ಅಗಲ ಸ್ಥಿತಿಯಲ್ಲಿಟ್ಟು, ಬೇಕಾದ ಬ್ರೈಟ್‌ನೆಸ್ ಇಟ್ಟುಕೊಂಡು, ಪಟ್ಟಿಯಲ್ಲಿ ಅದರ ಹೆಸರಿನೆದುರು Clamped ಎಂಬಲ್ಲಿ ಗುರುತು ಹಾಕಿದರೆ ಸಾಕು. ವಿಂಡೋಸ್‌ನ ಪ್ರೊಫೈಲ್ ಇಲ್ಲಿಯೂ ಎಸ್‌ಆರ್‌ಜಿಬಿ ಆಗಿರಬೇಕು. ಪರದೆಯ ಮೂಲಬಣ್ಣಗಳ ಮಾಹಿತಿಯನ್ನು ಅದು ಮೊದಲು ಇಡಿಐಡಿಯಿಂದ, ಎಂದರೆ ತಯಾರಕರು ಮಾನಿಟರ್‌ನೊಳಗೆ ಬರೆದಿಟ್ಟ ವಿವರದಿಂದ, ಪಡೆಯುತ್ತದೆ. ಆ ವಿವರ ನಮ್ಮ ಮುಂದಿರುವ ಪರದೆಗೆ ಪೂರ್ತಿ ಹೊಂದಬೇಕೆಂದಿಲ್ಲ. ನನ್ನದರಲ್ಲಿ ಸ್ವಲ್ಪ ಕೆಂಪು ಉಳಿದೇ ಇತ್ತು. ಕಲರಿಮೀಟರ್‌ನಿಂದ ಅಳೆದು ಮಾಡಿದ ಪ್ರೊಫೈಲನ್ನು ಅದಕ್ಕೆ ಕೊಟ್ಟ ಮೇಲೆ ಹೋಯಿತು. ಡ್ರೈವರ್ ನವೀಕರಿಸಿದ ನಂತರ ಒಮ್ಮೆ ಗುರುತು ಅಳಿಸಿಹೋಗಿ ಅರ್ಧ ದಿನ ಗಮನಿಸದೆ ಕೆಲಸ ಮಾಡಿದ್ದರಿಂದ, ಈಗ ದಿನವೂ ಬೆಳಿಗ್ಗೆ ಪರಿಚಿತವಾದ ಒಂದು ಮುಖದ ಚಿತ್ರವನ್ನು ಎರಡೂ ಕಿಟಕಿಗಳಲ್ಲಿ ತೆರೆದು ನೋಡಿಯೇ ಕೆಲಸ ಶುರುಮಾಡುತ್ತೇನೆ.

ಕಟ್ಟಿಹಾಕಿದ ಪರದೆ ಅಗಲ ಬಣ್ಣಗಳನ್ನು ತೋರಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಕಿನ್ನಾಳದ ಗೊಂಬೆಗಳನ್ನು ಪಿ3ಯಲ್ಲಿ ಸಂಸ್ಕರಿಸುವಾಗ ನಾನು ಆ ಗುರುತನ್ನು ತೆಗೆದು, ಅಳೆದು ಮಾಡಿದ ಪ್ರೊಫೈಲನ್ನು ವಿಂಡೋಸ್‌ನಲ್ಲಿ ಮರಳಿ ಇಟ್ಟು, ಫೋಟೋಶಾಪ್‌ನಲ್ಲಿ ಮಾತ್ರ ಕೆಲಸ ಮಾಡುತ್ತೇನೆ. ಆ ಗೊಂಬೆಗಳ ಕೆಂಪು ಆಗ ಕಾಣುವ ರೀತಿಗಾಗಿ ಈ ಮಾನಿಟರ್ ನನಗೆ ಇಂದಿಗೂ ಇಷ್ಟ. ಮದುವೆ ಆಲ್ಬಮ್‌ಗಳಿಗೆ ಮಾತ್ರ ಕೊಳ್ಳುವವರು ಅಂಗಡಿಯಲ್ಲಿಯೇ ಮೆನು ತೆರೆಸಿ, sRGB ಆಯ್ಕೆ ಮಾಡಿ, ಅದರಲ್ಲಿ ಬ್ರೈಟ್‌ನೆಸ್ ಇಳಿಯುತ್ತದೆಯೇ ಎಂದು ಕಣ್ಣಾರೆ ನೋಡಿದ ಮೇಲೆ ಹಣ ಕೊಡಲಿ.