ಫೋನ್ ಡೇಟಾದಲ್ಲಿ ಎಕ್ಸ್‌ಬಾಕ್ಸ್: ಹಾಟ್‌ಸ್ಪಾಟ್, ಲ್ಯಾನ್ ಕೇಬಲ್, ವೈರ್‌ಗಾರ್ಡ್

ಆಂಡ್ರಾಯ್ಡ್ ಫೋನಿನ ಡೇಟಾವನ್ನು ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಕೊಡಲು ಈ ಮೂರೂ ದಾರಿಗಳನ್ನು ಬಳಸಿ ನೋಡಿದ್ದೇನೆ.

ಎಲ್ಲಕ್ಕಿಂತ ಸುಲಭ ವೈಫೈ ಹಾಟ್‌ಸ್ಪಾಟ್. ಬ್ಯಾಂಡನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಅಕ್ಕಪಕ್ಕದ ಮನೆಗಳ ವೈಫೈ ಕಾಟ ಕಡಿಮೆಯಾಗುತ್ತದೆ. ಆದರೂ ಪಿಂಗ್ ಆಗಾಗ ಜಿಗಿಯುತ್ತಿತ್ತು. ಕನ್ಸೋಲಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನ್ಯಾಟ್ ಟೈಪ್ ‘ಸ್ಟ್ರಿಕ್ಟ್’ ಎಂದೇ ಬಂತು. ನ್ಯಾಟ್ ಎಂದರೆ ಹಲವು ಸಾಧನಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಇಡುವ ವ್ಯವಸ್ಥೆ, ಸ್ಟ್ರಿಕ್ಟ್ ಎಂದರೆ ಹೊರಗಿನವರು ಕನ್ಸೋಲನ್ನು ನೇರವಾಗಿ ತಲುಪುವುದು ಕಷ್ಟ.

ಎರಡನೆಯದು ಈಥರ್ನೆಟ್ ಟೆಥರಿಂಗ್. ಫೋನಿಗೆ ಯುಎಸ್‌ಬಿ-ಸಿ ಲ್ಯಾನ್ ಅಡಾಪ್ಟರ್ ಹಾಕಿ, ಅಲ್ಲಿಂದ ಕನ್ಸೋಲಿಗೆ ಕೇಬಲ್ ಎಳೆಯಬೇಕು. ಈ ಆಯ್ಕೆ ಎಲ್ಲ ಫೋನುಗಳಲ್ಲೂ ಇರುವುದಿಲ್ಲ. ಅಡಾಪ್ಟರ್ ಫೋನಿನ ಬ್ಯಾಟರಿಯನ್ನೇ ತಿನ್ನುವುದರಿಂದ ಚಾರ್ಜಿಂಗ್ ಪೋರ್ಟ್ ಇರುವಂಥದ್ದನ್ನೇ ಕೊಳ್ಳಿ. ಪಿಂಗಿನ ಜಿಗಿತ ಸ್ಪಷ್ಟವಾಗಿ ತಗ್ಗಿತು. ನ್ಯಾಟ್ ಮಾತ್ರ ಸ್ಟ್ರಿಕ್ಟ್ ಆಗಿಯೇ ಉಳಿಯಿತು.

ಯಾಕೆಂದರೆ ತಡೆ ಇರುವುದು ನಮ್ಮ ಕೋಣೆಯಲ್ಲಿ ಮಾತ್ರವಲ್ಲ. ಹಾಟ್‌ಸ್ಪಾಟ್ ಮಾಡುವ ನ್ಯಾಟ್ ಒಂದಾದರೆ, ಮೊಬೈಲ್ ಕಂಪನಿ ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಕೂರಿಸುವ ನ್ಯಾಟ್ ಇನ್ನೊಂದು. ಒಳಗಿನಿಂದ ಹೋದ ಪ್ಯಾಕೆಟ್ಟಿಗೆ ಉತ್ತರ ಬಂದರೆ ಕಂಪನಿಯ ನ್ಯಾಟ್ ಅದನ್ನು ಒಳಗೆ ಬಿಡುತ್ತದೆ, ಗೆಳೆಯನ ಕನ್ಸೋಲ್ ತಾನಾಗಿ ಕಳಿಸಿದ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಎಷ್ಟೋ ಕಡೆ ಪ್ರತಿ ಗಮ್ಯಕ್ಕೂ ಹೊರಗಿನ ಪೋರ್ಟ್ ಬೇರೆಬೇರೆ. ಹಾಗಾಗಿ ಮ್ಯಾಚ್‌ಮೇಕಿಂಗ್ ಸರ್ವರ್ ಕಂಡ ಪೋರ್ಟನ್ನು ಗೆಳೆಯನಿಗೆ ತಿಳಿಸಿದರೂ ಅದು ಅವನಿಗೆ ಉಪಯೋಗಕ್ಕೆ ಬರುವುದಿಲ್ಲ. ಇಬ್ಬರೂ ಸ್ಟ್ರಿಕ್ಟ್ ಆಗಿದ್ದರೆ ನೇರ ಸಂಪರ್ಕ ಸಾಮಾನ್ಯವಾಗಿ ಆಗುವುದೇ ಇಲ್ಲ. ಆಟ ಬೇರೆ ಆಟಗಾರರನ್ನು ಹುಡುಕುತ್ತ ಲಾಬಿಯಲ್ಲೇ ಕಾಯಿಸುತ್ತದೆ, ಇಲ್ಲವೇ ನಡುವಿನ ರಿಲೇ ಸರ್ವರ್ ಮೂಲಕ ಸುತ್ತಿಸುತ್ತದೆ. ಲ್ಯಾಗ್ ಹೆಚ್ಚುವುದು ಆ ಸುತ್ತಿನಿಂದ. ಕಂಪನಿಯದೇ ಸರ್ವರ್ ಇರುವ ಆಟಗಳಲ್ಲಿ ಕನ್ಸೋಲೇ ಮೊದಲು ಹೊರಗೆ ಹೋಗಿ ಮಾತಾಡಿಸುವುದರಿಂದ ಸ್ಟ್ರಿಕ್ಟ್ ಇದ್ದರೂ ಪಿಂಗ್ ಕೆಡುವುದಿಲ್ಲ. ಅಲ್ಲಿ ಲ್ಯಾಗ್ ಕಂಡರೆ ಸಿಗ್ನಲ್ಲನ್ನೋ ವೈಫೈಯನ್ನೋ ನೋಡಿ.

ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಐಪಿವಿ4 ವಿಳಾಸವೂ ‘ನನ್ನ ಐಪಿ’ ತೋರಿಸುವ ತಾಣದ ಐಪಿವಿ4 ವಿಳಾಸವೂ ಬೇರೆಯಾಗಿದ್ದರೆ ಕಂಪನಿಯ ನ್ಯಾಟ್ ಇದೆಯೆಂದೇ ಅರ್ಥ. ಆಗ ಕನ್ಸೋಲಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ.

ಮೂರನೆಯ ದಾರಿ ಅದನ್ನು ದಾಟಿತು. ಸಾರ್ವಜನಿಕ ಐಪಿ ಇರುವ ಬಾಡಿಗೆ ಸರ್ವರಿಗೆ ಲಿನಕ್ಸ್ ಲ್ಯಾಪ್‌ಟಾಪಿನಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿದೆ. ಲ್ಯಾಪ್‌ಟಾಪಿಗೆ ಫೋನಿನಿಂದ ಯುಎಸ್‌ಬಿ ಟೆಥರಿಂಗ್, ಕನ್ಸೋಲಿಗೆ ಲ್ಯಾಪ್‌ಟಾಪಿನಿಂದ ಲ್ಯಾನ್ ಕೇಬಲ್. ಎಕ್ಸ್‌ಬಾಕ್ಸ್ ಬಳಸುವ ಯುಡಿಪಿ 3074 ಪೋರ್ಟನ್ನು ಸರ್ವರಿನಲ್ಲಿ ಹೀಗೆ 192.168.50.2 ವಿಳಾಸದ ಕನ್ಸೋಲಿಗೆ ತಿರುಗಿಸಿದೆ:

```
iptables -t nat -A PREROUTING -i eth0 -p udp --dport 3074 -j DNAT --to-destination 192.168.50.2
```

ಸರ್ವರಿನ ವೈರ್‌ಗಾರ್ಡ್ ಸೆಟ್ಟಿಂಗ್‌ನ `AllowedIPs` ಸಾಲಿನಲ್ಲಿ 192.168.50.0/24 ಇರಲೇಬೇಕು, ಇಲ್ಲದಿದ್ದರೆ ಪ್ಯಾಕೆಟ್ ಸುರಂಗಕ್ಕೆ ಇಳಿಯುವುದೇ ಇಲ್ಲ. ನ್ಯಾಟ್ ‘ಓಪನ್’ ಆಯಿತು, ಪಾರ್ಟಿ ಚಾಟ್ ಕಡಿಯುವುದು ನಿಂತಿತು. ಸರ್ವರ್ ದೂರದ ದೇಶದಲ್ಲಿದ್ದರೆ ಗಳಿಸಿದ್ದೆಲ್ಲ ಪಿಂಗಿನಲ್ಲಿ ಹೋಗುತ್ತದೆ, ಮುಂಬೈ ಅಥವಾ ಬೆಂಗಳೂರಿನದ್ದನ್ನೇ ಆರಿಸಿ.

ಬರೀ ಸರ್ವರ್ ಆಟಗಳನ್ನು ಆಡುವವರಿಗೆ ನನ್ನ ಆಯ್ಕೆ ಕೇಬಲ್. ಗೆಳೆಯರ ಜತೆ ನೇರ ಲಾಬಿ ಕಟ್ಟುವವರು ಮಾತ್ರ ತಿಂಗಳ ಸರ್ವರ್ ಬಾಡಿಗೆ ಕಟ್ಟುವುದರಲ್ಲಿ ಅರ್ಥವಿದೆ.